ಅಯೋಡಿನ್ ಮೌಲ್ಯ: ಎರಡು ಬ್ಯುರೆಟ್ ಅಳತೆಗಳ ನಡುವಿನ ಅಂತರ

ಎಣ್ಣೆಯ ಅಯೋಡಿನ್ ಮೌಲ್ಯವನ್ನು ಕಂಡುಹಿಡಿದು ಬರೆದ ಪ್ರಯೋಗ ವರದಿಗಳಲ್ಲಿ ಬಹುತೇಕ ಒಂದೇ ವಾಕ್ಯ ಮೊದಲು ಬರುತ್ತದೆ: "100 ಗ್ರಾಂ ಎಣ್ಣೆ ಅಥವಾ ಕೊಬ್ಬು ಹೀರಿಕೊಳ್ಳುವ ಅಯೋಡಿನ್ ಎಷ್ಟು ಗ್ರಾಂ ಎಂಬುದೇ ಅದರ ಅಯೋಡಿನ್ ಮೌಲ್ಯ." ವ್ಯಾಖ್ಯೆಯಾಗಿ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನೀವು ಪ್ರಯೋಗಾಲಯದಲ್ಲಿ ನಿಜವಾಗಿ ಮಾಡಿದ್ದೇನು ಎಂಬುದನ್ನು ಈ ವಾಕ್ಯದ ಪಕ್ಕದಲ್ಲಿಟ್ಟು ನೋಡಿ. ನೀವು 100 ಗ್ರಾಂ ಎಣ್ಣೆಯನ್ನು ತೂಗಲಿಲ್ಲ. ಎಣ್ಣೆಗೆ ಅಯೋಡಿನ್ ಹಾಕಲಿಲ್ಲ. ಎಣ್ಣೆ ಹೀರಿಕೊಂಡದ್ದನ್ನು ಅಳೆಯಲೂ ಇಲ್ಲ. ಅದು ಹೀರಿಕೊಳ್ಳದೆ ಉಳಿಸಿದ್ದನ್ನು ಅಳೆದಿರಿ. ವ್ಯಾಖ್ಯೆಗೂ ಕೆಲಸಕ್ಕೂ ನಡುವೆ ಇರುವ ಈ ದೂರವನ್ನು ವರದಿಯ "ತತ್ವ" ಎಂಬ ಭಾಗದಲ್ಲಿ ವಿವರಿಸಬೇಕು. ಅಲ್ಲಿ ವ್ಯಾಖ್ಯೆಯನ್ನೇ ಮತ್ತೊಮ್ಮೆ ಬೇರೆ ಮಾತುಗಳಲ್ಲಿ ಬರೆದು ಮುಗಿಸುವ ರೂಢಿಯಿದೆ. ಹಾಗೆ ಬರೆದವರಿಗೆ ತಮ್ಮ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ದಾರಿಯೇ ಉಳಿಯುವುದಿಲ್ಲ. ಆದ್ದರಿಂದ ಇಂದು ಸೂರ್ಯಕಾಂತಿ ಎಣ್ಣೆಯ ಒಂದು ಮಾದರಿಯನ್ನು ಹಿಡಿದು, ಬ್ಯುರೆಟ್ಟಿನ ಅಂಕಿಯಿಂದ ಅಣುವಿನೊಳಗಿನ ದ್ವಿಬಂಧದವರೆಗೆ ಹೆಜ್ಜೆ ಹೆಜ್ಜೆಯಾಗಿ ಹೋಗೋಣ.

ಮೊದಲು ಅಣುವಿನ ಕಡೆಯಿಂದ ಆರಂಭಿಸುತ್ತೇನೆ. ಎಣ್ಣೆಯ ಬಹುಪಾಲು ಟ್ರೈಗ್ಲಿಸರೈಡ್; ಅಂದರೆ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಸೇರಿ ಆದ ಎಸ್ಟರ್. ಈ ಆಮ್ಲಗಳ ಇಂಗಾಲದ ಸರಪಳಿಯಲ್ಲಿ ಒಂದೂ ದ್ವಿಬಂಧವಿಲ್ಲದಿದ್ದರೆ ಅದು ಪರ್ಯಾಪ್ತ, ಇದ್ದರೆ ಅಪರ್ಯಾಪ್ತ. ಓಲಿಯಿಕ್ ಆಮ್ಲದಲ್ಲಿ ಒಂದು, ಲಿನೋಲಿಯಿಕ್ ಆಮ್ಲದಲ್ಲಿ ಎರಡು, ಲಿನೋಲೆನಿಕ್ ಆಮ್ಲದಲ್ಲಿ ಮೂರು ದ್ವಿಬಂಧಗಳಿವೆ. ಸ್ಟಿಯರಿಕ್ ಮತ್ತು ಪಾಲ್ಮಿಟಿಕ್ ಆಮ್ಲಗಳಲ್ಲಿ ಒಂದೂ ಇಲ್ಲ. ಹ್ಯಾಲೋಜನ್ ಈ ದ್ವಿಬಂಧಕ್ಕೆ ಸೇರಿಕೊಳ್ಳುತ್ತದೆ, ಬಂಧ ಒಂಟಿಯಾಗುತ್ತದೆ. ಒಂದು ದ್ವಿಬಂಧಕ್ಕೆ ಹ್ಯಾಲೋಜನ್‌ನ ಒಂದು ಅಣು, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಎಷ್ಟು ಹ್ಯಾಲೋಜನ್ ಖರ್ಚಾಯಿತು ಎಂದು ತಿಳಿದರೆ ಎಷ್ಟು ದ್ವಿಬಂಧಗಳಿದ್ದವು ಎಂದು ತಿಳಿದಂತೆಯೇ. ಇಡೀ ವಿಧಾನ ನಿಂತಿರುವುದು ಈ ಒಂದಕ್ಕೊಂದು ಲೆಕ್ಕದ ಮೇಲೆ.

ಹಾಗಾದರೆ ಶುದ್ಧ ಅಯೋಡಿನ್ನನ್ನೇ ಏಕೆ ಹಾಕಬಾರದು? ಅಯೋಡಿನ್ ದ್ವಿಬಂಧಕ್ಕೆ ಸೇರುವುದು ಬಹಳ ನಿಧಾನ. ಅದಕ್ಕಿಂತ ಮುಖ್ಯವಾಗಿ, ಸೇರಿದ್ದು ಮತ್ತೆ ಬಿಟ್ಟು ಹೋಗಬಲ್ಲದು. ಪೂರ್ತಿಯಾಗಿ ಮುಗಿಯದ ಕ್ರಿಯೆಯಿಂದ ಎಣಿಕೆ ಸಾಧ್ಯವಿಲ್ಲ. ಬ್ರೋಮಿನ್ ಬೇಗ ಸೇರುತ್ತದೆ, ಆದರೆ ಅದು ದ್ವಿಬಂಧವಿಲ್ಲದ ಕಡೆಯಲ್ಲೂ ಹೈಡ್ರೋಜನ್ನನ್ನು ತಳ್ಳಿ ಆ ಜಾಗಕ್ಕೆ ಕೂರುವ ಸ್ವಭಾವದ್ದು. ಈ ಎರಡರ ನಡುವೆ ಸಿಕ್ಕ ದಾರಿಯೇ ಎರಡು ಬೇರೆ ಹ್ಯಾಲೋಜನ್‌ಗಳು ಸೇರಿ ಆದ ಅಣು. 1884ರಲ್ಲಿ ಹ್ಯೂಬ್ಲ್ ಅಯೋಡಿನ್ ಮತ್ತು ಮರ್ಕ್ಯುರಿಕ್ ಕ್ಲೋರೈಡುಗಳನ್ನು ಆಲ್ಕೊಹಾಲಿನಲ್ಲಿ ಬೆರೆಸಿ ಬಳಸಿದರು. ಆ ದ್ರಾವಣ ಇಟ್ಟಂತೆಲ್ಲ ಶಕ್ತಿ ಕಳೆದುಕೊಳ್ಳುತ್ತಿತ್ತು, ಕ್ರಿಯೆಗೆ ಹಲವು ಗಂಟೆ ಕಾಯಬೇಕಿತ್ತು, ಪಾದರಸದ ವಿಷ ಬೇರೆ. 1898ರಲ್ಲಿ ವಿಜ್ಸ್ ಅಯೋಡಿನ್ ಮಾನೋಕ್ಲೋರೈಡನ್ನು, ಅಂದರೆ ICl ಅನ್ನು, ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಬಳಸಿದರು. 1901ರಲ್ಲಿ ಹಾನುಷ್ ಅದರ ಬದಲು ಅಯೋಡಿನ್ ಮಾನೋಬ್ರೋಮೈಡನ್ನು ತಂದರು. ಈಗ ನಾವು ಹೆಚ್ಚಾಗಿ ಮಾಡುವುದು ವಿಜ್ಸ್ ವಿಧಾನವನ್ನೇ.

ICl ಅಣುವಿನಲ್ಲಿ ಕ್ಲೋರಿನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಅಯೋಡಿನ್ ತುದಿ ಸ್ವಲ್ಪ ಧನವಿದ್ಯುತ್ತಿನದಾಗಿರುತ್ತದೆ. ಎಲೆಕ್ಟ್ರಾನ್ ಸಮೃದ್ಧವಾದ ದ್ವಿಬಂಧವನ್ನು ಆ ತುದಿ ಮೊದಲು ಹಿಡಿಯುತ್ತದೆ, ಬಳಿಕ ಕ್ಲೋರೈಡ್ ಎದುರು ಬದಿಯಿಂದ ಬಂದು ಸೇರುತ್ತದೆ. ಹೀಗೆ ಒಂದು ಇಂಗಾಲಕ್ಕೆ ಅಯೋಡಿನ್, ಪಕ್ಕದ ಇಂಗಾಲಕ್ಕೆ ಕ್ಲೋರಿನ್ ಸೇರಿಕೊಂಡು ಕ್ರಿಯೆ ಮುಗಿಯುತ್ತದೆ. ಆದ್ದರಿಂದ ವರದಿಯಲ್ಲಿ "ಅಯೋಡಿನ್ ದ್ವಿಬಂಧಕ್ಕೆ ಸೇರಿತು" ಎಂದಷ್ಟೇ ಬರೆಯಬೇಡಿ. ಸೇರಿದ್ದು ಅಯೋಡಿನ್ ಮಾನೋಕ್ಲೋರೈಡ್. ಫಲಿತಾಂಶವನ್ನು ಮಾತ್ರ ಅದಕ್ಕೆ ಸಮನಾದ ಅಯೋಡಿನ್ನಿನ ತೂಕದಲ್ಲಿ ಹೇಳುತ್ತೇವೆ. ಈ ಒಂದು ವಾಕ್ಯ ವರದಿಯಲ್ಲಿದ್ದರೆ ಬರೆದವರು ವಿಧಾನವನ್ನು ಅರ್ಥಮಾಡಿಕೊಂಡಿದ್ದಾರೆಂದು ನಾನು ಅರ್ಧದಷ್ಟು ನಂಬುತ್ತೇನೆ.

ಉಳಿದ ಅರ್ಧ ಸಮೀಕರಣದಲ್ಲಿದೆ. ನಾವು ಎಣ್ಣೆಗೆ ಬೇಕಾದುದಕ್ಕಿಂತ ಹೆಚ್ಚು ICl ಹಾಕಿ, ಕತ್ತಲಲ್ಲಿಟ್ಟು, ಕ್ರಿಯೆ ಮುಗಿದ ಮೇಲೆ ಪೊಟ್ಯಾಸಿಯಂ ಅಯೋಡೈಡ್ ಸೇರಿಸುತ್ತೇವೆ. ಉಳಿದಿರುವ ICl ಅದರೊಡನೆ ಹೀಗೆ ವರ್ತಿಸುತ್ತದೆ:

ICl + KI → I₂ + KCl

ಹೊರಬಂದ ಅಯೋಡಿನ್ನನ್ನು ಸೋಡಿಯಂ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡುತ್ತೇವೆ:

I₂ + 2 Na₂S₂O₃ → 2 NaI + Na₂S₄O₆

ಈಗ ಲೆಕ್ಕ ನೋಡಿ. ಎಣ್ಣೆಯಲ್ಲಿ ಒಂದು ದ್ವಿಬಂಧವಿದ್ದರೆ ಒಂದು ICl ಖರ್ಚಾಗುತ್ತದೆ. ಒಂದು ICl ಖರ್ಚಾದರೆ ಕೊನೆಯಲ್ಲಿ ಒಂದು I₂ ಕಡಿಮೆ ಹೊರಬರುತ್ತದೆ. ಒಂದು I₂ ಕಡಿಮೆಯಾದರೆ ಎರಡು ಥಯೋಸಲ್ಫೇಟ್ ಕಡಿಮೆ ಸಾಕಾಗುತ್ತದೆ. ಎಣ್ಣೆಯೇ ಇಲ್ಲದೆ, ಉಳಿದೆಲ್ಲವನ್ನೂ ಅಷ್ಟೇ ಪ್ರಮಾಣದಲ್ಲಿ ಹಾಕಿ ಮಾಡಿದ ಬ್ಲ್ಯಾಂಕ್ ಟೈಟ್ರೇಷನ್ ನಮಗೆ ಮೊದಲಿದ್ದ ಒಟ್ಟು ICl ಎಷ್ಟೆಂದು ತಿಳಿಸುತ್ತದೆ. ಎಣ್ಣೆಯಿರುವ ಫ್ಲಾಸ್ಕ್ ಉಳಿದದ್ದು ಎಷ್ಟೆಂದು ತಿಳಿಸುತ್ತದೆ. ಇವೆರಡರ ಅಂತರವೇ ದ್ವಿಬಂಧಗಳಿಗೆ ಹೋದ ಪಾಲು. ಬ್ಲ್ಯಾಂಕಿನ ಅಳತೆಯನ್ನು B, ಮಾದರಿಯದನ್ನು S, ಥಯೋಸಲ್ಫೇಟಿನ ನಾರ್ಮಾಲಿಟಿಯನ್ನು N, ಎಣ್ಣೆಯ ತೂಕವನ್ನು W, ಅಯೋಡಿನ್ ಮೌಲ್ಯವನ್ನು IV ಎಂದಿಟ್ಟುಕೊಂಡರೆ:

IV = 12.69 × N × (B − S) / W

ಈ 12.69 ಎಲ್ಲಿಂದ ಬಂತೆಂದು ಕೇಳಿದರೆ ಹಲವರು "ಸ್ಥಿರಾಂಕ" ಎಂದು ಹೇಳಿ ಸುಮ್ಮನಾಗುತ್ತಾರೆ. ಅದು ಬರಿಯ ಅಯೋಡಿನ್ನಿನ ಪರಮಾಣು ತೂಕ. 1 ನಾರ್ಮಲ್ ಥಯೋಸಲ್ಫೇಟಿನ 1 ಮಿಲಿ ಲೀಟರ್ 0.1269 ಗ್ರಾಂ ಅಯೋಡಿನ್ನಿಗೆ ಸಮ. 100 ಗ್ರಾಂ ಎಣ್ಣೆಯ ಲೆಕ್ಕಕ್ಕೆ ತರಲು ಅದನ್ನು ನೂರರಿಂದ ಗುಣಿಸಿದಾಗ 12.69 ಆಗುತ್ತದೆ. ವರದಿಯಲ್ಲಿ ಇದಕ್ಕೆ ಒಂದು ಸಾಲು ಸಾಕು, ಆದರೆ ಆ ಸಾಲು ಇರಲೇಬೇಕು.

ಇನ್ನು ನಮ್ಮ ಮಾದರಿ. ಸೂರ್ಯಕಾಂತಿ ಎಣ್ಣೆಯನ್ನು 0.2136 ಗ್ರಾಂ ತೂಗಿ, ಚೆನ್ನಾಗಿ ಒಣಗಿದ, ಗಾಜಿನ ಬಿರಡೆಯಿರುವ ಫ್ಲಾಸ್ಕಿಗೆ ಹಾಕಿದ್ದೇವೆ. ಅದನ್ನು ಸೈಕ್ಲೋಹೆಕ್ಸೇನ್ ಮತ್ತು ಅಸಿಟಿಕ್ ಆಮ್ಲಗಳ ಸಮಪಾಲಿನ ಮಿಶ್ರಣದ 20 ಮಿಲಿ ಲೀಟರಿನಲ್ಲಿ ಕರಗಿಸಿದ್ದೇವೆ. ಹಳೆಯ ಕೈಪಿಡಿಗಳಲ್ಲಿ ಇಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಇರುತ್ತದೆ. ಅದು ಯಕೃತ್ತಿಗೆ ವಿಷವಾದ್ದರಿಂದ ಈಗ ಅದನ್ನು ಬಿಟ್ಟಿದ್ದಾರೆ, ನೀವೂ ಬಿಡಿ. ಬಳಿಕ ಪಿಪೆಟ್ಟಿನಿಂದ 25 ಮಿಲಿ ಲೀಟರ್ ವಿಜ್ಸ್ ದ್ರಾವಣ ಹಾಕಿ, ಬಿರಡೆ ಹಾಕಿ, ಮೆಲ್ಲಗೆ ತಿರುಗಿಸಿ, ಒಂದು ಗಂಟೆ ಕತ್ತಲಲ್ಲಿಟ್ಟಿದ್ದೇವೆ. ಅಯೋಡಿನ್ ಮೌಲ್ಯ 150ಕ್ಕಿಂತ ಹೆಚ್ಚಿರುವ ಅಗಸೆ ಎಣ್ಣೆಯಂಥವುಗಳಿಗೆ ಎರಡು ಗಂಟೆ ಬೇಕು. ಆಮೇಲೆ ಶೇಕಡಾ 15ರ ಪೊಟ್ಯಾಸಿಯಂ ಅಯೋಡೈಡ್ 20 ಮಿಲಿ ಲೀಟರ್, ನೀರು 100 ಮಿಲಿ ಲೀಟರ್ ಸೇರಿಸಿ, 0.1004 ನಾರ್ಮಲ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿದ್ದೇವೆ. ಬ್ಲ್ಯಾಂಕಿಗೆ 47.9 ಮಿಲಿ ಲೀಟರ್ ಹಿಡಿಯಿತು, ಮಾದರಿಗೆ 26.4 ಮಿಲಿ ಲೀಟರ್. ಅಂತರ 21.5.

12.69 × 0.1004 × 21.5 / 0.2136 = 128.2

ಸಾಮಾನ್ಯ ಸೂರ್ಯಕಾಂತಿ ಎಣ್ಣೆಯ ಅಯೋಡಿನ್ ಮೌಲ್ಯ 118ರಿಂದ 141ರ ನಡುವೆ ಇರುತ್ತದೆ. ನಮ್ಮದು ಆ ವ್ಯಾಪ್ತಿಯೊಳಗೇ ಬಿತ್ತು. ಬಹಳಷ್ಟು ವರದಿಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ನಾವು ಹೊರಟಿದ್ದು ಅಪರ್ಯಾಪ್ತತೆಯನ್ನು ಅಳೆಯಲು, ಅಯೋಡಿನ್ನನ್ನು ಅಳೆಯಲು ಅಲ್ಲ. ಹಾಗಾಗಿ ಇನ್ನೊಂದು ಹೆಜ್ಜೆ ಹಾಕೋಣ. 100 ಗ್ರಾಂ ಎಣ್ಣೆಗೆ 128.2 ಗ್ರಾಂ ಅಯೋಡಿನ್ ಎಂದರೆ, I₂ನ ಅಣು ತೂಕವಾದ 253.8ರಿಂದ ಭಾಗಿಸಿದಾಗ, ಸುಮಾರು 0.505 ಮೋಲ್ ದ್ವಿಬಂಧ. ಸೂರ್ಯಕಾಂತಿ ಎಣ್ಣೆಯ ಟ್ರೈಗ್ಲಿಸರೈಡುಗಳ ಸರಾಸರಿ ಅಣು ತೂಕವನ್ನು 878 ಎಂದು ಹಿಡಿದರೆ, ಅದೇ 100 ಗ್ರಾಂನಲ್ಲಿ 0.114 ಮೋಲ್ ಟ್ರೈಗ್ಲಿಸರೈಡ್ ಇದೆ. ಎರಡನ್ನೂ ಭಾಗಿಸಿದರೆ ಒಂದು ಅಣುವಿಗೆ ಸರಾಸರಿ 4.4 ದ್ವಿಬಂಧಗಳು, ಒಂದೊಂದು ಸರಪಳಿಗೆ ಹೆಚ್ಚು ಕಡಿಮೆ ಒಂದೂವರೆ. ಬ್ಯುರೆಟ್ಟಿನ 21.5 ಮಿಲಿ ಲೀಟರ್ ಅಂತರಕ್ಕೆ ಇದೇ ಅರ್ಥ.

ಈ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ತಾಳೆ ನೋಡಬಹುದು. ಶುದ್ಧ ಟ್ರೈಓಲಿನ್‌ನ ಅಯೋಡಿನ್ ಮೌಲ್ಯವನ್ನು ಅಣು ತೂಕದಿಂದಲೇ ಲೆಕ್ಕ ಹಾಕಿದರೆ 86.0 ಬರುತ್ತದೆ, ಟ್ರೈಲಿನೋಲಿನ್‌ಗೆ 173.2, ಟ್ರೈಲಿನೋಲೆನಿನ್‌ಗೆ 261.6. ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಇದೇ ಎಣ್ಣೆ ಶೇಕಡಾ 28 ಓಲಿಯಿಕ್, 60 ಲಿನೋಲಿಯಿಕ್, ಉಳಿದ 12 ಪರ್ಯಾಪ್ತ ಆಮ್ಲಗಳು ಎಂದು ತೋರಿಸಿತೆಂದುಕೊಳ್ಳಿ. ಆಗ 86.0ರಲ್ಲಿ ಶೇಕಡಾ 28 ಎಂದರೆ 24.1, 173.2ರಲ್ಲಿ ಶೇಕಡಾ 60 ಎಂದರೆ 103.9, ಒಟ್ಟು 128.0. ಎರಡು ಬೇರೆ ದಾರಿಗಳಿಂದ ಬಂದ ಅಂಕಿಗಳು ಕೂಡಿದವು. ಹೀಗೆ ಕೂಡದಿದ್ದರೆ ಏನರ್ಥ ಎಂಬ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ಅದಕ್ಕೆ ಮೊದಲು ನಮ್ಮ ಟೈಟ್ರೇಷನ್ನನ್ನು ನಂಬಬಹುದೇ ಎಂದು ನೋಡಬೇಕು.

ನಂಬಿಕೆಯ ಪ್ರಶ್ನೆ ಮೊದಲು ಬರುವುದು ತೂಕದಲ್ಲಿ. ಯಾರೋ ಒಬ್ಬರು 0.2 ಗ್ರಾಂ ತೂಗುವುದು ಕಷ್ಟವೆಂದು ಅದೇ ಎಣ್ಣೆಯನ್ನು 0.5 ಗ್ರಾಂ ತೆಗೆದುಕೊಂಡರೆನ್ನಿ. ತೂಕ ಹೆಚ್ಚಾದರೆ ತೂಗುವ ದೋಷ ಕಡಿಮೆಯಾಗುತ್ತದಲ್ಲವೇ ಎಂಬ ಸಮರ್ಥನೆಯೂ ಅವರಲ್ಲಿದೆ. ಆದರೆ 0.5 ಗ್ರಾಂನ ದ್ವಿಬಂಧಗಳೆಲ್ಲ ತುಂಬಲು 50.3 ಮಿಲಿ ಲೀಟರ್ ಥಯೋಸಲ್ಫೇಟಿಗೆ ಸಮನಾದ ICl ಬೇಕು, ಮತ್ತು ಫ್ಲಾಸ್ಕಿನಲ್ಲಿ ಇರುವುದು 47.9ಕ್ಕೆ ಸಮನಾದಷ್ಟು ಮಾತ್ರ. ಇರುವುದಕ್ಕಿಂತ ಬೇಕಾದದ್ದೇ ಹೆಚ್ಚು. ICl ಖಾಲಿಯಾಗುತ್ತ ಬಂದಂತೆ ಕ್ರಿಯೆಯ ವೇಗವೂ ಇಳಿಯುತ್ತದೆ, ಒಂದು ಗಂಟೆಯ ಕೊನೆಗೂ ಸ್ವಲ್ಪ ICl ಉಳಿದೇ ಇರುತ್ತದೆ. ಅವರಿಗೆ S ಎಂದು 4.1 ಮಿಲಿ ಲೀಟರ್ ಸಿಕ್ಕಿತೆಂದುಕೊಳ್ಳೋಣ. ಸೂತ್ರಕ್ಕೆ ಹಾಕಿದರೆ ಉತ್ತರ 111.6.

ಈ ಉತ್ತರದಲ್ಲಿ ನನಗೆ ಅಪಾಯಕರವಾಗಿ ಕಾಣುವುದು ಅದರ ಸಂಭಾವಿತ ಮುಖ. 111.6 ಅಸಂಬದ್ಧ ಅಂಕಿಯಲ್ಲ. ಮಧ್ಯಮ ಓಲಿಯಿಕ್ ತಳಿಯ ಸೂರ್ಯಕಾಂತಿ ಎಣ್ಣೆಗೆ ಒಪ್ಪಿತವಾದ ವ್ಯಾಪ್ತಿಯೇ 94ರಿಂದ 122. ಹಾಗಾಗಿ ವರದಿ ಬರೆಯುವವರು "ಈ ಮಾದರಿ ಮಧ್ಯಮ ಓಲಿಯಿಕ್ ಎಣ್ಣೆಯಾಗಿರಬಹುದು" ಎಂದೋ, "ಕಡಿಮೆ ಅಪರ್ಯಾಪ್ತವಾದ ಬೇರೆ ಎಣ್ಣೆ ಬೆರೆತಿರಬಹುದು" ಎಂದೋ ಸೊಗಸಾದ ಚರ್ಚೆಯನ್ನೇ ಬರೆದುಬಿಡಬಹುದು. ಎಣ್ಣೆಯ ಮೇಲೆ ಬಂದ ಆ ಆರೋಪಕ್ಕೆ ಕಾರಣ ಎಣ್ಣೆಯಲ್ಲ, ಫ್ಲಾಸ್ಕಿನಲ್ಲಿ ಸಾಲದೆ ಹೋದ ICl. ಹೀಗಾಗಿ S ಯಾವಾಗಲೂ B ಯ ಅರ್ಧಕ್ಕಿಂತ ಹೆಚ್ಚಿರಬೇಕು ಎಂಬುದನ್ನು ನಿಯಮವಾಗಿ ಇಟ್ಟುಕೊಳ್ಳಿ. ನಮ್ಮ ಮಾದರಿಯಲ್ಲಿ 26.4 ಎಂಬುದು 47.9ರ ಶೇಕಡಾ 55. ಖರ್ಚಾದುದಕ್ಕಿಂತ ಉಳಿದದ್ದೇ ಹೆಚ್ಚು, ಆದ್ದರಿಂದ ಅಡ್ಡಿಯಿಲ್ಲ. ಟೈಟ್ರೇಷನ್ನಿಗೆ ಮೊದಲೇ ಇದರ ಸುಳಿವು ಕಣ್ಣಿಗೂ ಕಾಣುತ್ತದೆ: ಕತ್ತಲಿಂದ ಹೊರತೆಗೆದ ಫ್ಲಾಸ್ಕ್ ಬ್ಲ್ಯಾಂಕಿನ ಪಕ್ಕದಲ್ಲಿಟ್ಟಾಗ ಇನ್ನೂ ಗಾಢವಾದ ಕಂದು ಬಣ್ಣದಲ್ಲಿರಬೇಕು. ತಿಳಿ ಹಳದಿಗೆ ಇಳಿದಿದ್ದರೆ ಮುಂದುವರಿಸದೆ ಅದನ್ನು ಚೆಲ್ಲಿ, ಕಡಿಮೆ ತೂಕ ತೆಗೆದುಕೊಂಡು ಹೊಸದಾಗಿ ಆರಂಭಿಸುವುದು ಮೇಲು. ಇನ್ನೂ ಅನುಮಾನವಿದ್ದರೆ ಅರ್ಧ ತೂಕದಲ್ಲಿ ಮತ್ತೊಮ್ಮೆ ಮಾಡಿ. ಅಯೋಡಿನ್ ಮೌಲ್ಯ ತೂಕದ ಮೇಲೆ ಅವಲಂಬಿಸುವಂಥದ್ದಲ್ಲ. ತೂಕ ಅರ್ಧವಾದಾಗ ಉತ್ತರ ಮೇಲೇರಿದರೆ ಮೊದಲಿನ ಫ್ಲಾಸ್ಕಿನಲ್ಲಿ ICl ಸಾಕಾಗಿರಲಿಲ್ಲ ಎಂದೇ ತಿಳಿಯಬೇಕು.

ಇದರ ಎದುರು ತುದಿಯಲ್ಲಿ ಕೊಬ್ಬರಿ ಎಣ್ಣೆಯಿದೆ. ಅದರ ಅಯೋಡಿನ್ ಮೌಲ್ಯ 6ರಿಂದ 11ರ ಆಸುಪಾಸು. ಸೂರ್ಯಕಾಂತಿ ಎಣ್ಣೆಗೆ ಒಗ್ಗಿದ 0.2 ಗ್ರಾಂ ತೂಕವನ್ನೇ ಇಲ್ಲಿಯೂ ತೆಗೆದುಕೊಂಡರೆ, ಮೌಲ್ಯ 8 ಎಂದಿಟ್ಟುಕೊಂಡಾಗ, B ಮತ್ತು S ಗಳ ಅಂತರ 1.3 ಮಿಲಿ ಲೀಟರಿಗಿಂತ ಹೆಚ್ಚು ಬರುವುದಿಲ್ಲ. ಎರಡು ಬ್ಯುರೆಟ್ ಅಳತೆಗಳಲ್ಲಿ ತಲಾ 0.05 ಮಿಲಿ ಲೀಟರಿನ ಅನಿಶ್ಚಿತತೆ ಇದ್ದರೆ ಅಂತರದಲ್ಲಿ ಅದು 0.07 ಆಗುತ್ತದೆ, ಅಂದರೆ ಉತ್ತರದಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಅಲುಗಾಟ. ಅದೇ ಎಣ್ಣೆಯನ್ನು 1.5 ಗ್ರಾಂ ತೆಗೆದುಕೊಂಡರೆ ಅಂತರ 9.4 ಮಿಲಿ ಲೀಟರಿಗೆ ಏರುತ್ತದೆ, ಅಲುಗಾಟ ಶೇಕಡಾ ಒಂದಕ್ಕಿಂತ ಕೆಳಗಿಳಿಯುತ್ತದೆ, ICl ಕೂಡ ಧಾರಾಳವಾಗಿ ಉಳಿಯುತ್ತದೆ. ಮಾದರಿಯ ತೂಕವನ್ನು ಎಣ್ಣೆಯ ನಿರೀಕ್ಷಿತ ಮೌಲ್ಯ ನೋಡಿ ನಿರ್ಧರಿಸಬೇಕೆಂದು ಪ್ರಮಾಣಿತ ವಿಧಾನಗಳಲ್ಲಿ ಪಟ್ಟಿ ಕೊಟ್ಟಿರುವುದು ಇದಕ್ಕಾಗಿಯೇ. ವರದಿಯಲ್ಲಿ "0.2136 ಗ್ರಾಂ ತೆಗೆದುಕೊಳ್ಳಲಾಯಿತು" ಎಂದು ಬರೆಯುವಾಗ ಅಷ್ಟೇ ಏಕೆ ಎಂಬುದಕ್ಕೂ ಅರ್ಧ ವಾಕ್ಯ ಸೇರಿಸಿ.

ಬ್ಲ್ಯಾಂಕಿನ ವಿಷಯಕ್ಕೆ ಬರೋಣ. "ಬ್ಲ್ಯಾಂಕನ್ನು ಬೆಳಿಗ್ಗೆಯೇ ಮಾಡಿಟ್ಟಿದ್ದೆವು, ಮಾದರಿಗಳನ್ನು ಮಧ್ಯಾಹ್ನ ಮಾಡಿದೆವು" ಎಂಬ ಮಾತನ್ನು ಆಗಾಗ ಕೇಳುತ್ತೇನೆ. ವಿಜ್ಸ್ ದ್ರಾವಣದ ದ್ರಾವಕ ಅಸಿಟಿಕ್ ಆಮ್ಲ. ಬಿಸಿಗೆ ಅದು ನೀರಿಗಿಂತ ಬಹಳ ಹೆಚ್ಚು ಹಿಗ್ಗುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಸಾವಿರಕ್ಕೆ ಒಂದು ಪಾಲು. ಕೋಣೆ ಐದು ಡಿಗ್ರಿ ಬೆಚ್ಚಗಾದರೆ ಅದೇ 25 ಮಿಲಿ ಲೀಟರ್ ಪಿಪೆಟ್ಟಿನಲ್ಲಿ ಶೇಕಡಾ ಅರ್ಧದಷ್ಟು ಕಡಿಮೆ ICl ಬರುತ್ತದೆ. ಅರ್ಧ ಶೇಕಡಾ ಎಂದರೆ ಸಣ್ಣದೆನಿಸುತ್ತದೆ. ಆದರೆ ಅದು 47.9ರ ಅರ್ಧ ಶೇಕಡಾ, ಅಂದರೆ ಸುಮಾರು 0.25 ಮಿಲಿ ಲೀಟರ್. ಮತ್ತು ಅದು ಬಂದು ಬೀಳುವುದು 21.5ರ ಅಂತರದ ಮೇಲೆ. ಅಷ್ಟರಿಂದಲೇ ಉತ್ತರ ಸುಮಾರು ಒಂದೂವರೆ ಅಂಕ ಮೇಲೇರುತ್ತದೆ, ಎಣ್ಣೆಯಲ್ಲಿ ಒಂದೇ ಒಂದು ದ್ವಿಬಂಧವೂ ಹೆಚ್ಚಾಗದೆ. ದೊಡ್ಡ ಅಂಕಿಯಿಂದ ದೊಡ್ಡ ಅಂಕಿಯನ್ನು ಕಳೆಯುವ ಎಲ್ಲ ವಿಧಾನಗಳಿಗೂ ಈ ದೌರ್ಬಲ್ಯವಿದೆ. ಬ್ಲ್ಯಾಂಕನ್ನು ಮಾದರಿಯ ಜೊತೆಯಲ್ಲೇ, ಅದೇ ಪಿಪೆಟ್ಟಿನಿಂದ, ಅಷ್ಟೇ ಹೊತ್ತು ದ್ರವ ಇಳಿಯಲು ಬಿಟ್ಟು ಮಾಡಬೇಕು. ಬ್ಲ್ಯಾಂಕನ್ನು ಮಾಡಿದ ಹೊತ್ತನ್ನೂ ಕೋಣೆಯ ಉಷ್ಣಾಂಶವನ್ನೂ ವರದಿಯಲ್ಲಿ ನಮೂದಿಸಿದವರನ್ನು ನಾನು ಕಂಡಿರುವುದು ಕಡಿಮೆ.

ಕತ್ತಲು ಏಕೆ ಎಂಬುದನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬೆಳಕಿನಲ್ಲಿ ಹ್ಯಾಲೋಜನ್ ಪರಮಾಣುಗಳು ಬಿಡಿಯಾಗಿ, ಸರಪಳಿಯ ಹೈಡ್ರೋಜನ್ನನ್ನು ಕಿತ್ತು ಆ ಜಾಗಕ್ಕೆ ಸೇರುತ್ತವೆ. ಅಲ್ಲಿಯೂ ICl ಖರ್ಚಾಗುತ್ತದೆ, ಆದರೆ ಅದಕ್ಕೆ ಎದುರಾಗಿ ದ್ವಿಬಂಧವಿಲ್ಲ. ನಮ್ಮ ಒಂದಕ್ಕೊಂದು ಲೆಕ್ಕ ಅಲ್ಲಿಗೆ ಮುರಿಯುತ್ತದೆ, ಉತ್ತರ ನಿಜಕ್ಕಿಂತ ಹೆಚ್ಚು ಬರುತ್ತದೆ. ಬಹಳ ಹೊತ್ತು ಇಟ್ಟರೂ ಇದೇ ತೊಂದರೆ ನಿಧಾನವಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಸಮಯವೆಂಬುದು ಇಲ್ಲಿ ಕನಿಷ್ಠ ಮಿತಿ ಮಾತ್ರವಲ್ಲ, ಗರಿಷ್ಠ ಮಿತಿಯೂ ಹೌದು. ಊಟ ಮುಗಿಸಿ ಬಂದು ನೋಡಿದರಾಯಿತು ಎನ್ನುವ ಹಾಗಿಲ್ಲ.

ಅಂತ್ಯಬಿಂದುವಿನ ಹತ್ತಿರ ಒಂದು ಸೂಕ್ಷ್ಮವಿದೆ, ಅದನ್ನು ಹತ್ತಿರದಿಂದ ನೋಡಬೇಕು. ನೀರು ಹಾಕಿದ ಮೇಲೆ ಫ್ಲಾಸ್ಕಿನಲ್ಲಿ ಎರಡು ಪದರಗಳಾಗುತ್ತವೆ: ಕೆಳಗೆ ನೀರು ಮತ್ತು ಅಸಿಟಿಕ್ ಆಮ್ಲ, ಮೇಲೆ ಎಣ್ಣೆ ಕರಗಿದ ಸೈಕ್ಲೋಹೆಕ್ಸೇನ್. ಅಯೋಡಿನ್ನಿಗೆ ಸೈಕ್ಲೋಹೆಕ್ಸೇನ್ ಬಹಳ ಹಿತವಾದ ಜಾಗ. ಅದು ಅಲ್ಲಿ ನೇರಳೆ ಬಣ್ಣದಲ್ಲಿ ಸೇರಿಕೊಂಡಿರುತ್ತದೆ. ಥಯೋಸಲ್ಫೇಟ್ ಇರುವುದು ಮಾತ್ರ ನೀರಿನಲ್ಲಿ. ನೀವು ಫ್ಲಾಸ್ಕನ್ನು ಮೆಲ್ಲಗೆ ತಿರುಗಿಸುತ್ತ ಟೈಟ್ರೇಟ್ ಮಾಡಿದರೆ ಕೆಳಗಿನ ಪದರ ಮೊದಲೇ ಬಣ್ಣ ಕಳೆದುಕೊಳ್ಳುತ್ತದೆ, ನೀವು ಬ್ಯುರೆಟ್ ನಿಲ್ಲಿಸುತ್ತೀರಿ, ಅಳತೆ ಬರೆದುಕೊಳ್ಳುತ್ತೀರಿ. ಅರ್ಧ ನಿಮಿಷದಲ್ಲಿ ಪಿಷ್ಟದ ನೀಲಿ ಮರಳಿ ಬರುತ್ತದೆ. ಮೇಲಿನ ಪದರದಿಂದ ಅಯೋಡಿನ್ ಕೆಳಗಿಳಿದು ಬಂದುದರ ಗುರುತು ಅದು. ದ್ರಾವಣ ತಿಳಿ ಹಳದಿಯಾದಾಗ ಪಿಷ್ಟ ಸೇರಿಸಿ, ಅಲ್ಲಿಂದ ಮುಂದೆ ಪ್ರತಿ ಹನಿಗೂ ಬಿರಡೆ ಹಾಕಿ ಬಲವಾಗಿ ಕುಲುಕಿ. ನೀಲಿ ಹೋಗಿ, ಕುಲುಕಿದ ಮೇಲೂ ಮರಳದೆ, ಮೇಲಿನ ಪದರದಲ್ಲಿ ನೇರಳೆಯ ಛಾಯೆ ಉಳಿಯದಿದ್ದರೆ ಅದೇ ಅಂತ್ಯ. ಪಿಷ್ಟವನ್ನು ಮೊದಲೇ, ಅಯೋಡಿನ್ ದಟ್ಟವಾಗಿರುವಾಗ ಹಾಕಿದರೆ ಅದು ಅಯೋಡಿನ್ನನ್ನು ಹಿಡಿದಿಟ್ಟುಕೊಂಡು ಬಿಡುವುದಕ್ಕೆ ತಡಮಾಡುತ್ತದೆ, ಅಂತ್ಯಬಿಂದು ಮಸುಕಾಗುತ್ತದೆ.

ಈಗ ಉತ್ತರವನ್ನು ಹೇಗೆ ಬರೆಯಬೇಕು? ಕ್ಯಾಲ್ಕ್ಯುಲೇಟರ್ 128.2427 ಎಂದು ತೋರಿಸಿರಬಹುದು. ನಮ್ಮ ಅಂತರವಾದ 21.5ರಲ್ಲಿ 0.07ರ ಅನಿಶ್ಚಿತತೆಯಿದೆ, ಅದೊಂದರಿಂದಲೇ ಉತ್ತರ 0.4ರಷ್ಟು ಆಚೀಚೆ ಆಗಬಹುದು; ಥಯೋಸಲ್ಫೇಟಿನ ಪ್ರಮಾಣೀಕರಣದ ದೋಷ ಇನ್ನಷ್ಟು ಸೇರಿಸುತ್ತದೆ. ಆದ್ದರಿಂದ 128 ಎಂದು ಬರೆಯಿರಿ. ದಶಮಾಂಶದ ಬಳಿಕ ನಾಲ್ಕು ಅಂಕಿ ಬರೆದವರು ಹೆಚ್ಚು ನಿಖರವಾಗಿ ಅಳೆದಿದ್ದಾರೆಂದು ಯಾರೂ ಭಾವಿಸುವುದಿಲ್ಲ. ಮೌಲ್ಯದ ಜೊತೆಗೆ 100 ಗ್ರಾಂ ಎಣ್ಣೆಗೆ ಎಷ್ಟು ಗ್ರಾಂ ಅಯೋಡಿನ್ ಎಂಬ ಏಕಮಾನ, ವಿಜ್ಸ್ ವಿಧಾನ ಎಂಬ ಹೆಸರು, ಕತ್ತಲಲ್ಲಿಟ್ಟ ಅವಧಿ, ಎಷ್ಟು ಬಾರಿ ಪುನರಾವರ್ತಿಸಿದಿರಿ ಎಂಬುದು ಇರಬೇಕು. ವಿಧಾನದ ಹೆಸರು ಔಪಚಾರಿಕತೆಗಲ್ಲ: ಬೇರೆ ವಿಧಾನದಲ್ಲಿ ಅದೇ ಎಣ್ಣೆಗೆ ಸ್ವಲ್ಪ ಬೇರೆ ಅಂಕಿ ಬರಬಹುದು.

ಚರ್ಚೆಯ ಭಾಗದಲ್ಲಿ ಈ 128 ಏನನ್ನು ಹೇಳುವುದಿಲ್ಲ ಎಂಬುದನ್ನೂ ಬರೆಯಬೇಕು. ಅದು ದ್ವಿಬಂಧಗಳ ಒಟ್ಟು ಎಣಿಕೆ ಮಾತ್ರ. ಅವು ಯಾವ ಸರಪಳಿಯಲ್ಲಿ, ಯಾವ ಸ್ಥಾನದಲ್ಲಿ, ಸಿಸ್ ರೂಪದಲ್ಲೋ ಟ್ರಾನ್ಸ್ ರೂಪದಲ್ಲೋ ಇವೆ ಎಂಬುದು ಅದರಲ್ಲಿಲ್ಲ. ಶೇಕಡಾ 40 ಲಿನೋಲೆನಿಕ್, 27 ಓಲಿಯಿಕ್, 33 ಪರ್ಯಾಪ್ತ ಆಮ್ಲಗಳಿರುವ ಒಂದು ಮಿಶ್ರಣವನ್ನು ಕಲ್ಪಿಸಿಕೊಂಡು ಹಿಂದಿನ ಲೆಕ್ಕವನ್ನೇ ಹಾಕಿ ನೋಡಿ: 104.6 ಮತ್ತು 23.2 ಕೂಡಿ 127.8. ಒಂದೇ ಒಂದು ಲಿನೋಲಿಯಿಕ್ ಅಣುವೂ ಇಲ್ಲದ, ಪರ್ಯಾಪ್ತ ಆಮ್ಲ ಸುಮಾರು ಮೂರು ಪಟ್ಟು ಇರುವ ಆ ಮಿಶ್ರಣಕ್ಕೂ ನಮ್ಮ ಸೂರ್ಯಕಾಂತಿ ಎಣ್ಣೆಗೂ ಅಯೋಡಿನ್ ಮೌಲ್ಯ ಒಂದೇ. ಗಾಳಿಯ ಸಂಪರ್ಕದಲ್ಲಿ ಕೆಡುವ ವೇಗದಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯಿಲ್ಲ, ಏಕೆಂದರೆ ಮೂರು ದ್ವಿಬಂಧಗಳ ಸರಪಳಿ ಎರಡು ದ್ವಿಬಂಧಗಳದ್ದಕ್ಕಿಂತ ಬೇಗ ಉತ್ಕರ್ಷಣಗೊಳ್ಳುತ್ತದೆ. ಆದ್ದರಿಂದ "ಮೌಲ್ಯ 128 ಇರುವುದರಿಂದ ಇದು ಸೂರ್ಯಕಾಂತಿ ಎಣ್ಣೆ" ಎಂದು ಬರೆಯಲಾಗದು. "ಮೌಲ್ಯ ಸೂರ್ಯಕಾಂತಿ ಎಣ್ಣೆಯ ವ್ಯಾಪ್ತಿಗೆ ಹೊಂದುತ್ತದೆ" ಎಂದಷ್ಟೇ ಬರೆಯಬಹುದು.

ಇನ್ನು ನಾನು ಬಾಕಿ ಉಳಿಸಿಕೊಂಡ ಪ್ರಶ್ನೆ: ಕ್ರೊಮ್ಯಾಟೊಗ್ರಫಿಯಿಂದ ಲೆಕ್ಕ ಹಾಕಿದ ಮೌಲ್ಯಕ್ಕೂ ಟೈಟ್ರೇಷನ್ನಿನ ಮೌಲ್ಯಕ್ಕೂ ತಾಳೆ ಬೀಳದಿದ್ದರೆ? ಟೈಟ್ರೇಷನ್ನಿನ ಅಂಕಿ ಕಡಿಮೆ ಬಂದಿದ್ದರೆ ಮೊದಲು S ಮತ್ತು B ಗಳ ಅನುಪಾತ ನೋಡಿ. ICl ಸಾಲದೆ ಹೋಗಿರುವುದೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ. ಅದು ಸರಿಯಿದ್ದರೆ ದ್ವಿಬಂಧಗಳು ಒಂದರ ಪಕ್ಕದಲ್ಲೊಂದು, ನಡುವೆ ಒಂದೇ ಒಂಟಿ ಬಂಧ ಬಿಟ್ಟು, ಸಂಯುಗ್ಮಿತವಾಗಿ ಕುಳಿತಿವೆಯೇ ಎಂದು ಕೇಳಿಕೊಳ್ಳಬೇಕು. ಟಂಗ್ ಎಣ್ಣೆಯಲ್ಲಿ ಹೀಗಿದೆ. ಅಂಥ ಜೋಡಿಯಲ್ಲಿ ಒಂದಕ್ಕೆ ICl ಸೇರಿದ ಮೇಲೆ, ಸೇರಿಕೊಂಡ ಹ್ಯಾಲೋಜನ್ ಪಕ್ಕದ ದ್ವಿಬಂಧದ ಎಲೆಕ್ಟ್ರಾನ್‌ಗಳನ್ನು ಎಳೆದುಕೊಂಡು ಅದನ್ನು ಮಂದಗೊಳಿಸುತ್ತದೆ. ಒಂದು ಗಂಟೆಯಲ್ಲಿ ಆ ಎರಡನೆಯದು ತುಂಬುವುದಿಲ್ಲ, ಉತ್ತರ ನಿಜಕ್ಕಿಂತ ಕೆಳಗೇ ನಿಲ್ಲುತ್ತದೆ. ಟೈಟ್ರೇಷನ್ನಿನ ಅಂಕಿ ಹೆಚ್ಚು ಬಂದಿದ್ದರೆ ಬೆಳಕು, ಹೆಚ್ಚು ಹೊತ್ತು, ಬೇರೆ ಹೊತ್ತಿನಲ್ಲಿ ಮಾಡಿದ ಬ್ಲ್ಯಾಂಕ್, ಮೇಲಿನ ಪದರದಲ್ಲಿ ಅಯೋಡಿನ್ ಉಳಿದಿರುವಾಗಲೇ ನಿಲ್ಲಿಸಿದ ಬ್ಯುರೆಟ್, ಈ ಕ್ರಮದಲ್ಲಿ ಹುಡುಕಿ. ಎಲ್ಲವೂ ಸರಿಯಿದ್ದು ಇನ್ನೂ ಒಂದೆರಡು ಅಂಕ ಹೆಚ್ಚಿದ್ದರೆ, ಎಣ್ಣೆಯಲ್ಲಿ ಟ್ರೈಗ್ಲಿಸರೈಡ್ ಅಲ್ಲದ ಆದರೆ ದ್ವಿಬಂಧವಿರುವ ಸ್ಟೆರಾಲ್‌ಗಳು, ಸ್ಕ್ವಾಲೀನ್‌ನಂಥ ಹೈಡ್ರೋಕಾರ್ಬನ್‌ಗಳು ಇವೆಯೇ ಎಂದು ನೋಡಬೇಕಾಗುತ್ತದೆ. ಕೊಬ್ಬಿನಾಮ್ಲಗಳ ಪಟ್ಟಿಯಿಂದ ಹಾಕಿದ ಲೆಕ್ಕದಲ್ಲಿ ಅವು ಸೇರಿರುವುದಿಲ್ಲ. ಫ್ಲಾಸ್ಕಿನಲ್ಲಿರುವ ICl ಮಾತ್ರ ಅವುಗಳನ್ನೂ ಬಿಡದೆ ಎಣಿಸಿರುತ್ತದೆ.